ರೆಸಿನ್ ಮಾದರಿಗಳ ಒಳಟೊಳ್ಳು

ರೆಸಿನ್ ತ್ರೀಡಿ ಮುದ್ರಣದ ಪುಟ್ಟ ಮಾದರಿಯ ಒಳಭಾಗವನ್ನು ಖಾಲಿ ಬಿಟ್ಟು, ಒಳಗಿನ ದ್ರವ ಹೊರಹೋಗಲು ರಂಧ್ರ ಇಡುವ ವಿಧಾನ. ಮುದ್ರಣಕ್ಕೆ ಮೊದಲೇ ಕಂಪ್ಯೂಟರಿನಲ್ಲಿ ಇದನ್ನು ರೂಪಿಸಲಾಗುತ್ತದೆ. ಹಾನಗಲ್ಲಿನ ತಾರಕೇಶ್ವರ ದೇವಾಲಯದ ಮಾದರಿಗೆ 5 ಸೆಂ.ಮೀ. ಘನಾಕೃತಿಯ ಪೀಠ ಬೇಕೆಂದುಕೊಂಡರೆ, ಗಟ್ಟಿಯಾಗಿ ಮುದ್ರಿಸಲು 125 ಮಿ.ಲೀ. ರೆಸಿನ್ ತಗಲುತ್ತದೆ, 2 ಮಿ.ಮೀ. ಗೋಡೆಯಿಟ್ಟು ಟೊಳ್ಳಾಗಿಸಿದರೆ ಸುಮಾರು 28 ಮಿ.ಲೀ. ಸಾಕು.

ಸುಮಾರು 3 ಮಿ.ಮೀ. ಅಗಲದ ರಂಧ್ರಗಳು ಕನಿಷ್ಠ ಎರಡಿರಬೇಕು: ಒಂದರಿಂದ ದ್ರವ ಇಳಿಯುವಾಗ ಇನ್ನೊಂದರಿಂದ ಗಾಳಿ ಒಳಬರುತ್ತದೆ. ಮಾದರಿ ತಲೆಕೆಳಗಾಗಿ ತೂಗುತ್ತ ಬೆಳೆಯುವುದರಿಂದ ಒಂದು ರಂಧ್ರ ಮುದ್ರಣಫಲಕದ ಸಮೀಪ ಇರುವುದು ಲೇಸು. ಇಲ್ಲವಾದರೆ ಪೊಳ್ಳು ತೊಟ್ಟಿಯ ತಳದ ಪೊರೆಗೆ ಬಟ್ಟಲಿನಂತೆ ಹೀರಿಕೊಂಡು ಪದರಗಳು ಕಿತ್ತುಬರುತ್ತವೆ.

ಮುದ್ರಣದ ನಂತರ ಸಿರಿಂಜಿನಿಂದ ಐಸೊಪ್ರೊಪೈಲ್ ಆಲ್ಕೊಹಾಲ್ ಹಾಯಿಸಿ ಒಳಗನ್ನು ತೊಳೆದು, ಪೂರ್ತಿ ಒಣಗಿಸಿ, ರಂಧ್ರದಿಂದ ಚಿಕ್ಕ ನೇರಳಾತೀತ ದೀಪವನ್ನು ತೂರಿಸಿ ಒಳಗೋಡೆಯನ್ನು ಗಟ್ಟಿಗೊಳಿಸಬೇಕು. ಹೊರಗಿನ ಬೆಳಕು ಅಲ್ಲಿಗೆ ಸಾಕಷ್ಟು ತಲುಪದು. ಈ ಕೆಲಸ ಕೈಗವಸು ಹಾಕಿಯೇ ಆಗಬೇಕು, ಹಸಿ ರೆಸಿನ್ ಚರ್ಮಕ್ಕೆ ಹಾನಿಕರ. ಉಳಿದ ದ್ರವ ಗೋಡೆಯನ್ನು ಒಳಗಿನಿಂದ ಮೆತ್ತಗಾಗಿಸಿ ಉಬ್ಬಿಸುತ್ತದೆ. ವಾರಗಳ ಬಳಿಕ ಕೂದಲೆಳೆಯ ಬಿರುಕು, ಅದರ ಅಂಚಿನಲ್ಲಿ ಅಂಟು ಜಿನುಗು, ಘಾಟು ವಾಸನೆ ಕಾಣಿಸಿಕೊಳ್ಳುತ್ತವೆ. ರಂಧ್ರವನ್ನು ಬಿರಡೆಯಿಂದ ಮುಚ್ಚುವುದು ಒಳಗು ಗಟ್ಟಿಯಾದ ಮೇಲೆಯೇ. ತೆಳು ಕೈಕಾಲುಗಳಿಗೆ ಈ ವಿಧಾನ ಒಗ್ಗದು. ಅವನ್ನು ಗಟ್ಟಿಯಾಗಿಯೇ ಮುದ್ರಿಸುತ್ತಾರೆ.