ಮುಳಬಾಗಿಲಿನ ಬಂಡೆ ಮತ್ತು ಮೂರನೆಯ ಅಧ್ಯಾಯದ ಕೊನೆ



ಮೂರನೆಯ ತರಗತಿಯಲ್ಲಿ ಓದುತ್ತಿರುವ ಮೊಮ್ಮಗನಿಗಾಗಿ ನಮ್ಮ ಸೀಮೆಯ ಇತಿಹಾಸವನ್ನು ಅಧ್ಯಾಯಗಳುಳ್ಳ ಪುಟ್ಟ ಪುಸ್ತಕವಾಗಿ ಬರೆಯಲು ಹೊರಟೆ. ಆಯ್ದುಕೊಂಡದ್ದು 1768ರ ಅಕ್ಟೋಬರ್ 4ರ ಮುಳಬಾಗಿಲಿನ ಕಾಳಗ.

ಆ ದಿನ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ವುಡ್‌ನ ಪಡೆಯನ್ನು ಹೈದರಾಲಿಯ ದೊಡ್ಡ ಸೈನ್ಯವು ಬಂಡೆಗಳ ನಡುವೆ ಒತ್ತರಿಸಿತ್ತು. ಸಾಮಾನು ಕಾಯುತ್ತಿದ್ದ ಕ್ಯಾಪ್ಟನ್ ಬ್ರೂಕ್ ಎಂಬಾತ ಗಾಯಾಳುಗಳನ್ನೂ ಕೂಡಿಸಿಕೊಂಡು, ಎರಡು ಫಿರಂಗಿಗಳನ್ನು ಸುತ್ತುದಾರಿಯಲ್ಲಿ ಬಂಡೆಯ ಮೇಲಕ್ಕೆ ಎಳೆಸಿ ಹಾರಿಸಿದನು. ಎಲ್ಲರೂ "ಸ್ಮಿತ್! ಸ್ಮಿತ್!" ಎಂದು ಕೂಗಿದರು. ಕರ್ನಲ್ ಸ್ಮಿತ್‌ನ ದಂಡೇ ಬಂದಿತೆಂದು ಎರಡೂ ಕಡೆಯವರು ನಂಬಿದರು. ಹೈದರನ ಸೈನಿಕರು ಹಿಂದೆ ಸರಿದರು, ವುಡ್ ಚೇತರಿಸಿಕೊಂಡನು.

ಮೊದಲ ಪ್ರತಿಯಲ್ಲಿ ಮೂರನೆಯ ಅಧ್ಯಾಯವನ್ನು "ಸೈನಿಕರು ಹಿಂದೆ ಸರಿದರು" ಎಂಬಲ್ಲಿ ಮುಗಿಸಿದ್ದೆ. ಹುಡುಗ ಪುಸ್ತಕ ಮುಚ್ಚಿ ಆಟಕ್ಕೆ ಓಡಿದ. ತಪ್ಪು ನನ್ನದೇ: ಉತ್ತರವನ್ನು ಹೇಳಿಯಾದ ಮೇಲೆ ಅಧ್ಯಾಯವನ್ನು ನಿಲ್ಲಿಸಿದ್ದೆ. ಎರಡನೆಯ ಪ್ರತಿಯಲ್ಲಿ ಬಂಡೆಯ ಮೇಲಿನಿಂದ ಕೂಗು ಕೇಳಿಸಿದೊಡನೆ ನಿಲ್ಲಿಸಿದೆ. "ತಾತ, ಸ್ಮಿತ್ ನಿಜವಾಗಿಯೂ ಬಂದನಾ?" ಎಂದು ಕೇಳಿದ. ಕುತೂಹಲದ ಗಂಟು ಬಿದ್ದಿದೆಯೆಂಬುದಕ್ಕೆ ಇದೇ ಗುರುತು. ಮುಂದಿನ ಅಧ್ಯಾಯದ ಮೊದಲ ಸಾಲಿನಲ್ಲೇ ಗಂಟನ್ನು ಬಿಚ್ಚಿಬಿಟ್ಟರೆ ಮಗುವಿಗೆ ಮೋಸವೆನಿಸುತ್ತದೆ. ಆದ್ದರಿಂದ ಮೊದಲು ಫಿರಂಗಿ ಎಳೆದವರ ಶ್ರಮವನ್ನು ಹೇಳಿ, ಬಳಿಕ ನಿಜವನ್ನು ತಿಳಿಸಿದೆ.

ಉದ್ದದ ವಿಷಯದಲ್ಲಿ ಇಂಗ್ಲಿಷಿನ ಅಳತೆ ನಮಗೆ ಹೊಂದದು. ವಿಭಕ್ತಿ, ಸಂಧಿಗಳಿಂದ ಕನ್ನಡದ ಒಂದು ಪದದಲ್ಲಿ ಅವರ ಎರಡು ಮೂರು ಪದಗಳ ಭಾರವಿರುತ್ತದೆ. ಹತ್ತು ನಿಮಿಷದ ಓದಿಗೆ ನನ್ನ ಮೊಮ್ಮಗನಿಗೆ ಸುಮಾರು 400 ಪದಗಳು ಸಾಕಾದವು. ಅಂತಹ ಆರು ಅಧ್ಯಾಯಗಳನ್ನು ಮಾಡಿದೆ. ಬೆರಳಿಟ್ಟು ಓದುವಾಗ ಬೆರಳು ನಿಂತ ಪದಗಳಿಗೆ ಗುರುತು ಹಾಕಿದೆ. "ಯುದ್ಧಸಾಮಗ್ರಿ" ಹೋಗಿ "ಮದ್ದುಗುಂಡು" ಬಂದಿತು. ಆದರೆ "ದಂಡು", "ಮುತ್ತಿಗೆ" ಎಂಬಂತಹ ಪದಗಳನ್ನು ಬಿಡಲಿಲ್ಲ. ಅಧ್ಯಾಯಕ್ಕೆ ಮೂರು ಹೊಸ ಪದಗಳನ್ನು ಮಾತ್ರ ತಂದು, ಪ್ರತಿಯೊಂದನ್ನೂ ಬೇರೆ ಬೇರೆ ಸಂದರ್ಭದಲ್ಲಿ ಮೂರು ಸಲ ಬಳಸಿದೆ.

ಒಂದು ಕಷ್ಟ ಉಳಿಯಿತು. ಜಾಣತನ ತೋರಿದವನು ಕಂಪನಿಯವನು. ಹೈದರನಾದರೋ ನಮ್ಮ ಬೂದಿಕೋಟೆಯಲ್ಲಿ ಹುಟ್ಟಿದವನು. ಕಥೆಯ ರುಚಿಗಾಗಿ ಯಾರನ್ನೂ ರಾಕ್ಷಸನನ್ನಾಗಿಸಲು ಮನಸ್ಸು ಒಪ್ಪಲಿಲ್ಲ. ಕುರಿ ಕಾಯುವ ಹುಡುಗನೊಬ್ಬನನ್ನು ಕಲ್ಪಿಸಿ, ಅವನು ಬಂಡೆಯ ಮರೆಯಿಂದ ಕಂಡಂತೆ ಬರೆದೆ. ಹುಡುಗ ಕಲ್ಪಿತ, ಕಾಳಗ ನಿಜ ಎಂದು ಕೊನೆಯ ಪುಟದಲ್ಲಿ ಮಗುವಿಗೆ ತಿಳಿಯುವ ಮಾತಿನಲ್ಲೇ ಹೇಳಿದ್ದೇನೆ.

ಓದಿ ಮುಗಿಸಿದ ಮೊಮ್ಮಗ, ಆ ಬಂಡೆ ಯಾವುದೆಂದು ಕೇಳಿದ್ದಾನೆ. ಮುಳಬಾಗಿಲಿನಲ್ಲಿ ಬಂಡೆಗಳಿಗೇನು ಬರವೇ!