ಮಧ್ಯಾಹ್ನದ ಓಝೋನ್: ಲಾಸ್ ಏಂಜಲೀಸ್ ಬಿಡಿಸಿದ ಒಗಟು

1943ರ ಜುಲೈನಲ್ಲಿ ಲಾಸ್ ಏಂಜಲೀಸ್ ನಗರವನ್ನು ದಟ್ಟ ಮಬ್ಬು ಮುಸುಕಿತು. ಜನರ ಕಣ್ಣು ಉರಿಯಿತು, ಗಂಟಲು ಕೆರೆಯಿತು. ಯುದ್ಧಕಾಲವಾದ್ದರಿಂದ ಜಪಾನಿನ ವಿಷಾನಿಲ ದಾಳಿ ಇರಬಹುದೆಂದು ಹೆದರಿದವರೂ ಇದ್ದರು. ಆಮೇಲೆ ಕೃತಕ ರಬ್ಬರಿಗೆ ಬೇಕಾದ ಬ್ಯುಟಾಡೈಯೀನ್ ತಯಾರಿಸುತ್ತಿದ್ದ ಕಾರ್ಖಾನೆಯೊಂದರ ಮೇಲೆ ಅನುಮಾನ ಹೋಯಿತು. ಅದನ್ನು ಕೆಲಕಾಲ ನಿಲ್ಲಿಸಿದರೂ ಮಬ್ಬು ಮತ್ತೆ ಬಂತು.

ಆಗ ಎಲ್ಲರಿಗೂ ತಿಳಿದಿದ್ದ ನಗರದ ಹೊಗೆ ಲಂಡನ್ನಿನದು. ಕಲ್ಲಿದ್ದಲ ಮಸಿ ಮತ್ತು ಗಂಧಕದ ಡೈಆಕ್ಸೈಡ್ ಸೇರಿದ ಆ ಹೊಗೆ ಚಳಿಗಾಲದಲ್ಲಿ, ಗಾಳಿ ಅಲುಗದ ಹೊತ್ತಿನಲ್ಲಿ ದಟ್ಟೈಸುತ್ತಿತ್ತು. ಲಾಸ್ ಏಂಜಲೀಸಿನ ಮಬ್ಬು ಬಿಸಿಲು ಚೆನ್ನಾಗಿರುವ ದಿನಗಳಲ್ಲಿ, ಹೊತ್ತೇರಿದ ಮೇಲೆ ಕಾಡುತ್ತಿತ್ತು. ಸುತ್ತಲಿನ ಹೊಲಗಳಲ್ಲಿ ಸೊಪ್ಪಿನ ಎಲೆಗಳ ತಳಭಾಗ ಬೆಳ್ಳಿಯಂತೆ ಹೊಳೆದು ಸುಟ್ಟುಹೋಗುತ್ತಿತ್ತು. ಟೈರುಗಳ ರಬ್ಬರು ಬೇಗನೆ ಬಿರಿಯುತ್ತಿತ್ತು. ಗಂಧಕದ ಹೊಗೆಯಿಂದ ಇದಾವುದನ್ನೂ ವಿವರಿಸಲು ಆಗುತ್ತಿರಲಿಲ್ಲ.

ಉತ್ತರದ ಮೊದಲ ಭಾಗ ಸಿಕ್ಕಿದ್ದು ಕ್ಯಾಲ್‌ಟೆಕ್‌ನಲ್ಲಿ ಅನಾನಸಿನ ಪರಿಮಳದ ರಾಸಾಯನಿಕಗಳನ್ನು ಅಧ್ಯಯನ ಮಾಡುತ್ತಿದ್ದ ಡಚ್ ಮೂಲದ ವಿಜ್ಞಾನಿ ಆರೀ ಹಾಗನ್-ಸ್ಮಿತ್ ಅವರಿಗೆ. ಹಣ್ಣಿನ ಆವಿಯನ್ನು ಅತಿಶೀತಲ ನಳಿಕೆಯಲ್ಲಿ ಹಿಡಿದಿಡುವ ವಿಧಾನದಿಂದಲೇ ಅವರು ನಗರದ ಗಾಳಿಯನ್ನೂ ಹಿಡಿದರು. ಸಿಕ್ಕ ದ್ರವದಲ್ಲಿ ಆಲ್ಡಿಹೈಡುಗಳು, ಆಮ್ಲಗಳು ಮತ್ತು ಪೆರಾಕ್ಸೈಡುಗಳಿದ್ದವು. ಅಂದರೆ ಪೆಟ್ರೋಲಿನ ಆವಿ ಗಾಳಿಯಲ್ಲೇ ಉತ್ಕರ್ಷಣಗೊಳ್ಳುತ್ತಿತ್ತು. ಪೆಟ್ರೋಲ್ ಆವಿಯನ್ನೂ ನೈಟ್ರೋಜನ್ ಡೈಆಕ್ಸೈಡನ್ನೂ ಬೆರೆಸಿ ಬೆಳಕಿಗೆ ಒಡ್ಡಿದಾಗ ಓಝೋನ್ ಹುಟ್ಟಿತು. ಎಲೆಗಳ ಮೇಲೆ ಹೊಲದಲ್ಲಿ ಕಂಡ ಗಾಯವೇ ಮೂಡಿತು. ಓಝೋನ್ ಅಳೆಯಲು ಬಾಗಿಸಿದ ರಬ್ಬರ್ ಪಟ್ಟಿಯೂ ಸಾಕಾಗುತ್ತಿತ್ತು: ಬಿರುಕು ಎಷ್ಟು ಬೇಗ ಬಿಡುತ್ತದೋ ಅಷ್ಟು ಹೆಚ್ಚು ಓಝೋನ್. ತೈಲೋದ್ಯಮದ ಹಣದಿಂದ ಸಂಶೋಧನೆ ನಡೆಸುತ್ತಿದ್ದವರು ಈ ವಾದವನ್ನು ಬಲವಾಗಿ ಪ್ರಶ್ನಿಸಿದರು. 1952ರ ಪ್ರಬಂಧದ ಹೊತ್ತಿಗೆ ಹಾಗನ್-ಸ್ಮಿತ್ ಅವರ ಕೈಯಲ್ಲಿ ಸಾಕಷ್ಟು ಪುರಾವೆಯಿತ್ತು. ವಾಹನದ ಹೊಗೆಕೊಳವೆಯಿಂದ ಓಝೋನ್ ನೇರವಾಗಿ ಹೊರಬರುವುದಿಲ್ಲ, ಅಲ್ಲಿಂದ ಬರುವುದು ಅದರ ಕಚ್ಚಾಮಾಲು ಎಂಬುದು ಇದರ ಸಾರ.

ಆದರೆ ಬೆಳಕು ಇಲ್ಲಿ ಮಾಡುವ ಕೆಲಸವೇನು? ಎಂಜಿನ್ನಿನ ಬಿಸಿಯಲ್ಲಿ ಹುಟ್ಟುವುದು ಮುಖ್ಯವಾಗಿ ನೈಟ್ರಿಕ್ ಆಕ್ಸೈಡ್ (NO). ಅದು ಗಾಳಿಯಲ್ಲಿ ಡೈಆಕ್ಸೈಡ್ (NO₂) ಆಗುತ್ತದೆ. ಹಗಲ ಬೆಳಕಿನ ನೇರಳೆ ಮತ್ತು ಅದರಾಚೆಯ ಕಿರಣಗಳು ಡೈಆಕ್ಸೈಡಿನಿಂದ ಒಂದು ಆಮ್ಲಜನಕ ಪರಮಾಣುವನ್ನು ಕಿತ್ತರೆ, ಅದು ಗಾಳಿಯ ಆಮ್ಲಜನಕದೊಡನೆ ಕೂಡಿ ಓಝೋನ್ ಆಗುತ್ತದೆ. ಉಳಿದ ನೈಟ್ರಿಕ್ ಆಕ್ಸೈಡ್ ಸುಮ್ಮನಿರುವುದಿಲ್ಲ. ಅದೇ ಓಝೋನನ್ನು ತಿಂದು ಮತ್ತೆ ಡೈಆಕ್ಸೈಡ್ ಆಗುತ್ತದೆ. ಹುಟ್ಟಿದ್ದು ಹುಟ್ಟಿದಲ್ಲೇ ಕರಗುವ ಈ ಚಕ್ರವನ್ನು ಫಿಲಿಪ್ ಲೇಟನ್ 1961ರ ತಮ್ಮ ಗ್ರಂಥದಲ್ಲಿ ಸ್ಪಷ್ಟವಾಗಿ ವಿಶ್ಲೇಷಿಸಿದರು.

ಅವರ ಸಮೀಕರಣವನ್ನು ನಡುಹಗಲಿಗೆ ಅನ್ವಯಿಸಿ ನೋಡೋಣ. ಬಿಸಿಲಿನಲ್ಲಿ ಡೈಆಕ್ಸೈಡಿನ ಅಣು ಸರಾಸರಿ ಎರಡು ನಿಮಿಷ ಉಳಿಯುತ್ತದೆ. ಎರಡೂ ಆಕ್ಸೈಡುಗಳು ಸಮಪ್ರಮಾಣದಲ್ಲಿದ್ದರೆ ಓಝೋನ್ ಸುಮಾರು 20 ಪಿಪಿಬಿಗೆ, ಅಂದರೆ ನೂರು ಕೋಟಿ ಅಣುಗಳಲ್ಲಿ 20ಕ್ಕೆ, ನಿಲ್ಲಬೇಕು. ಆ ಕಾಲದ ಲಾಸ್ ಏಂಜಲೀಸ್ ನೂರಾರು ಪಿಪಿಬಿ ಕಾಣುತ್ತಿತ್ತು. 200 ಪಿಪಿಬಿ ಆಗಬೇಕಾದರೆ ಡೈಆಕ್ಸೈಡ್ ನೈಟ್ರಿಕ್ ಆಕ್ಸೈಡಿನ ಹತ್ತು ಪಟ್ಟು ಇರಬೇಕು. ಹಾಗಾದರೆ ಓಝೋನನ್ನು ಖರ್ಚು ಮಾಡದೆಯೇ ನೈಟ್ರಿಕ್ ಆಕ್ಸೈಡನ್ನು ಡೈಆಕ್ಸೈಡ್ ಮಾಡುವ ಬೇರೊಂದು ದಾರಿ ಇರಲೇಬೇಕಿತ್ತು.

ಆ ದಾರಿ ಹೈಡ್ರಾಕ್ಸಿಲ್ ರ್ಯಾಡಿಕಲ್‌ನದು. ಕೆಳಗಿನ ಗಾಳಿಯಲ್ಲೂ ಅದು ಬೆಳಕಿನಿಂದ ಹುಟ್ಟಿ ಕೆಲಸ ಮಾಡುತ್ತದೆಂದು 1970ರ ಸುಮಾರಿಗೆ ತಿಳಿಯಿತು. 1971ರಲ್ಲಿ ಹೈರಮ್ ಲೆವಿ ಪ್ರಕಟಿಸಿದ ಪ್ರಬಂಧ ಇಲ್ಲಿ ಮುಖ್ಯವಾದದ್ದು. ಒಂದು ಕ್ಷಣವೂ ಉಳಿಯದ ಈ ರ್ಯಾಡಿಕಲ್ ಪೆಟ್ರೋಲ್ ಆವಿಯ ಹೈಡ್ರೊಕಾರ್ಬನ್ನನ್ನು ಹಿಡಿಯುತ್ತದೆ. ಅದರಿಂದಾದ ಪೆರಾಕ್ಸಿ ರ್ಯಾಡಿಕಲ್ ತನ್ನ ಆಮ್ಲಜನಕವನ್ನು ನೈಟ್ರಿಕ್ ಆಕ್ಸೈಡಿಗೆ ಕೊಟ್ಟು ಡೈಆಕ್ಸೈಡ್ ಮಾಡುತ್ತದೆ. ಕೊನೆಗೆ ಹೈಡ್ರಾಕ್ಸಿಲ್ ಮರಳಿ ಸಿಕ್ಕಿ ಸರಪಳಿ ಮುಂದುವರಿಯುತ್ತದೆ. ಡೈಆಕ್ಸೈಡ್ ಅತಿಯಾದರೆ ಮಾತ್ರ ಅದು ಹೈಡ್ರಾಕ್ಸಿಲನ್ನೇ ಹಿಡಿದು ನೈಟ್ರಿಕ್ ಆಮ್ಲವಾಗುತ್ತದೆ. ಸರಪಳಿ ಅಲ್ಲಿಗೆ ತುಂಡಾಗುತ್ತದೆ.

ಓಝೋನ್ ಏರಿಳಿತದ ದಿನಚರಿಯನ್ನು ಈಗ ಓದಬಹುದು. ಬೆಳಗ್ಗೆ ಏಳರಿಂದ ಒಂಬತ್ತರವರೆಗೆ ಕಚೇರಿಗೆ ಹೋಗುವ ವಾಹನಗಳು ನೈಟ್ರಿಕ್ ಆಕ್ಸೈಡನ್ನು ಉಗುಳುತ್ತವೆ. ಎಳೆಬಿಸಿಲು ದುರ್ಬಲ, ಗಾಳಿಯ ಪದರ ತೆಳು. ಇದ್ದ ಅಲ್ಪ ಓಝೋನ್ ಕೂಡ ಕರಗುತ್ತದೆ. ಹತ್ತರ ಹೊತ್ತಿಗೆ ನೈಟ್ರಿಕ್ ಆಕ್ಸೈಡ್ ಇಳಿದು, ಡೈಆಕ್ಸೈಡ್ ಏರಿ, ಓಝೋನ್ ಮೇಲೇಳತೊಡಗುತ್ತದೆ. ನೆಲ ಕಾದು ಗಾಳಿ ಮೇಲೆ ಕೆಳಗೆ ಕಲಕಿದಾಗ, ಹಿಂದಿನ ದಿನ ಎತ್ತರದ ಪದರದಲ್ಲಿ ಉಳಿದಿದ್ದ ಓಝೋನ್ ಕೂಡ ಕೆಳಗಿಳಿದು ಸೇರುತ್ತದೆ.

ಬಿಸಿಲು ಹನ್ನೆರಡರ ಸುಮಾರಿಗೆ ಅತ್ಯಂತ ಪ್ರಖರ. ಓಝೋನ್ ಮಾತ್ರ ಸಾಮಾನ್ಯವಾಗಿ ಒಂದರಿಂದ ನಾಲ್ಕರ ನಡುವೆ ತುದಿ ಮುಟ್ಟುತ್ತದೆ. ಬಿಸಿಲು ನಿರ್ಧರಿಸುವುದು ಉತ್ಪಾದನೆಯ ವೇಗವನ್ನು. ನಾವು ಅಳೆಯುವುದು ಶೇಖರವಾದ ಮೊತ್ತವನ್ನು. ತೊಟ್ಟಿಗೆ ಬೀಳುವ ನೀರು ಕಡಿಮೆಯಾಗುತ್ತಾ ಬಂದರೂ, ಸೋರಿಕೆಗಿಂತ ಹೆಚ್ಚಿರುವವರೆಗೆ ಮಟ್ಟ ಏರುತ್ತಲೇ ಇರುತ್ತದಲ್ಲ, ಹಾಗೆಯೇ ಇದೂ. ಸಂಜೆ ಬೆಳಕು ಕುಗ್ಗಿ, ವಾಹನಗಳ ಹೊಸ ಹೊಗೆ ಓಝೋನನ್ನು ತಿಂದು, ನೆಲ ಮತ್ತು ಎಲೆಗಳು ಹೀರಿಕೊಂಡಂತೆ ರೇಖೆ ಕುಸಿಯುತ್ತದೆ. ಈ ಏರಿಳಿತ ಇಡೀ ದಿನದ ಸರಾಸರಿಯಲ್ಲಿ ಮರೆಯಾಗುತ್ತದೆ. ಆದ್ದರಿಂದಲೇ ಭಾರತದ 2009ರ ಮಾನದಂಡದಲ್ಲೂ ಓಝೋನ್ ಮಿತಿ 8 ಗಂಟೆಗಳದು (ಘನ ಮೀಟರಿಗೆ 100 ಮೈಕ್ರೋಗ್ರಾಂ) ಮತ್ತು 1 ಗಂಟೆಯದು (180 ಮೈಕ್ರೋಗ್ರಾಂ).

ಹೊಗೆ ಹೊರಡುವ ಜಾಗ ಮತ್ತು ಓಝೋನ್ ಹೆಚ್ಚುವ ಜಾಗ ಒಂದೇ ಆಗಬೇಕಿಲ್ಲ ಎಂಬುದೂ ಲಾಸ್ ಏಂಜಲೀಸಿನಲ್ಲಿ ಸ್ಪಷ್ಟವಾಯಿತು. ಹಗಲಿನ ಕಡಲಗಾಳಿ ನಗರದ ಹೊಗೆಯನ್ನು ಪೂರ್ವದ ಸ್ಯಾನ್ ಬರ್ನಾರ್ಡಿನೋ ಕಡೆಗೆ ತಳ್ಳುತ್ತದೆ. ಬೆಟ್ಟಗಳು ಅದನ್ನು ತಡೆಯುತ್ತವೆ. ದಾರಿಯುದ್ದಕ್ಕೂ ರಸಾಯನ ಕ್ರಿಯೆ ನಡೆಯುವುದರಿಂದ ಅಲ್ಲಿ ತುದಿ ತಡವಾಗಿ ಬರುತ್ತದೆ, ನಗರದೊಳಗಿನದಕ್ಕಿಂತ ಎತ್ತರವಾಗಿಯೂ ಇರುತ್ತದೆ. ದಟ್ಟ ಸಂಚಾರದ ವೃತ್ತದಲ್ಲಿಟ್ಟ ಮಾಪಕ ಕಡಿಮೆ ಓಝೋನ್ ತೋರಿಸಿದರೆ ಗಾಳಿ ಶುದ್ಧವಾಗಿದೆ ಎಂದರ್ಥವಲ್ಲ.

1970ರ ದಶಕದಲ್ಲಿ ಇನ್ನೊಂದು ಕುತೂಹಲ ಎದುರಾಯಿತು. ಲಾರಿ ಸಂಚಾರ ಕಡಿಮೆಯಿರುವ ವಾರಾಂತ್ಯದಲ್ಲಿ ಓಝೋನ್ ಇಳಿಯದೆ, ಕೆಲವೆಡೆ ಏರುತ್ತಿತ್ತು. ಡೀಸೆಲ್ ಲಾರಿಗಳು ಸಾರಜನಕದ ಆಕ್ಸೈಡುಗಳನ್ನು ಹೇರಳವಾಗಿ ಬಿಡುತ್ತವೆ. ಅವು ಮಿತಿಮೀರಿದ ನಗರದಲ್ಲಿ ಓಝೋನನ್ನು ತಿನ್ನುವುದೂ ಸರಪಳಿ ಕಡಿಯುವುದೂ ಅವೇ. ಅಲ್ಲಿ ಅವನ್ನು ಸ್ವಲ್ಪ ತಗ್ಗಿಸಿದರೆ ಓಝೋನ್ ಏರುತ್ತದೆ. ಬಹಳ ತಗ್ಗಿಸಿದ ಮೇಲಷ್ಟೇ ಇಳಿಯುತ್ತದೆ. ಹೈಡ್ರೊಕಾರ್ಬನ್ನನ್ನು ಮೊದಲು ತಗ್ಗಿಸಬೇಕೆಂಬ ವಾದಕ್ಕೆ ಇದು ಬಲ ಕೊಟ್ಟಿತು. 1975ರಿಂದ ಬಂದ ಕ್ಯಾಟಲಿಟಿಕ್ ಕನ್ವರ್ಟರ್ ಮೊದಲಿಗೆ ಹೈಡ್ರೊಕಾರ್ಬನ್ ಮತ್ತು ಕಾರ್ಬನ್ ಮಾನಾಕ್ಸೈಡನ್ನು ಸುಡುತ್ತಿತ್ತು. ಆಮೇಲಿನ ತ್ರಿಮುಖಿ ಕನ್ವರ್ಟರ್ ಸಾರಜನಕದ ಆಕ್ಸೈಡನ್ನೂ ಹಿಡಿಯಿತು.

ಹೈಡ್ರೊಕಾರ್ಬನ್ ಎಲ್ಲಿಂದ ಎಷ್ಟು ಬರುತ್ತದೆಂಬ ಲೆಕ್ಕಾಚಾರ ಆಮೇಲೂ ಎರಡು ಬಾರಿ ತಿದ್ದುಪಡಿಯಾಯಿತು. 1987ರಲ್ಲಿ ವ್ಯಾನ್ ನೈಸ್‌ನ ಸುರಂಗ ರಸ್ತೆಯಲ್ಲಿ ಅಳೆದಾಗ, ಕಾರುಗಳು ಬಿಡುವ ಹೈಡ್ರೊಕಾರ್ಬನ್ ಲೆಕ್ಕಪುಸ್ತಕದಲ್ಲಿ ಇದ್ದದ್ದಕ್ಕಿಂತ ಹಲವು ಪಟ್ಟು ಹೆಚ್ಚಿತ್ತು. 2018ರ ಅಧ್ಯಯನವೊಂದು ಪೇಂಟು, ಸುಗಂಧದ್ರವ್ಯ, ಶುಚಿಕಾರಕಗಳ ಆವಿ ಲಾಸ್ ಏಂಜಲೀಸಿನಲ್ಲಿ ವಾಹನದ ಆವಿಯಷ್ಟೇ ದೊಡ್ಡ ಪಾಲು ಪಡೆದಿದೆ ಎಂದಿತು.

ಹೀಗಾಗಿ ಒಂದು ನಗರದ ಔಷಧ ಇನ್ನೊಂದಕ್ಕೆ ಒಗ್ಗಬೇಕೆಂದಿಲ್ಲ. ನಗರ ಯಾವ ಸ್ಥಿತಿಯಲ್ಲಿದೆ ಎಂದು ತಿಳಿಯಲು ಸುಲಭದ ಮೊದಲ ಪರೀಕ್ಷೆ, ಒಂದೇ ಹವಾಮಾನದ ಭಾನುವಾರ ಮತ್ತು ಬುಧವಾರಗಳ ಮಧ್ಯಾಹ್ನದ ತುದಿಗಳನ್ನು ಹಲವು ವಾರ ಹೋಲಿಸುವುದು. ಭಾನುವಾರದ್ದೇ ಎತ್ತರವಾಗಿದ್ದರೆ ಅಲ್ಲಿ ಮೊದಲು ಕಡಿಯಬೇಕಾದದ್ದು ಹೈಡ್ರೊಕಾರ್ಬನ್. ತಗ್ಗಿದ್ದರೆ ಸಾರಜನಕದ ಆಕ್ಸೈಡನ್ನು ಕಡಿದಷ್ಟೂ ಲಾಭ.