ಒಂದೇ ಚೀಟಿಯೋ, ಶಾಲೆಗೊಂದು ಚೀಟಿಯೋ

ಶಿಕ್ಷಣ ಹಕ್ಕು ಕಾಯ್ದೆ (2009) ಶಾಲೆಗೆ ಸೇರುವ ಮಕ್ಕಳನ್ನು ಸಂದರ್ಶನ, ಪರೀಕ್ಷೆಗಳಿಂದ ಸೋಸುವುದನ್ನು ನಿಷೇಧಿಸಿದೆ. ಸೀಟಿಗಿಂತ ಅರ್ಜಿ ಹೆಚ್ಚಾದರೆ ಲಾಟರಿಯೇ ದಾರಿ. ಕರ್ನಾಟಕದ ಪೋಷಕರಿಗೆ ಆರ್‌ಟಿಇ ಸೀಟಿನ ಆನ್‌ಲೈನ್ ಲಾಟರಿ ಹೊಸದಲ್ಲ. ಆದರೆ ಹಲವು ಶಾಲೆಗಳನ್ನು ಆದ್ಯತೆಯ ಕ್ರಮದಲ್ಲಿ ಬರೆದುಕೊಟ್ಟಾಗ ಚೀಟಿ ಎತ್ತುವ ಬಗೆ ಯಾವುದು? ಈ ಪ್ರಶ್ನೆ ಪಕ್ವವಾದದ್ದು ಬೇರೆ ಊರುಗಳಲ್ಲಿ.

ಅಮೆರಿಕದ ಬೋಸ್ಟನ್‌ನಲ್ಲಿ ಮೊದಲ ಆಯ್ಕೆಯಾಗಿ ಬರೆದವರಿಗೇ ಮೊದಲು ಸೀಟು ಸಿಗುತ್ತಿತ್ತು. ಬೇಡಿಕೆಯ ಶಾಲೆಯನ್ನು ಮೊದಲು ಬರೆದು ಸೋತ ಮಗುವಿಗೆ ಎರಡನೆಯ ಶಾಲೆಯೂ ಅಷ್ಟರಲ್ಲಿ ತುಂಬಿರುತ್ತಿತ್ತು. ತಿಳಿದವರು ಲೆಕ್ಕ ಹಾಕಿ ಬರೆದರು, ತಿಳಿಯದವರು ಮನಸ್ಸಿನಲ್ಲಿದ್ದುದನ್ನು ಬರೆದು ನಷ್ಟಪಟ್ಟರು. ಈ ದೋಷವನ್ನು ಅರ್ಥಶಾಸ್ತ್ರಜ್ಞರಾದ ಅಬ್ದುಲ್‌ಕಾದಿರೋಲು ಮತ್ತು ಸೋನ್ಮೆಜ್ 2003ರಲ್ಲಿ ವಿಶ್ಲೇಷಿಸಿದರು. ಗೇಲ್ ಮತ್ತು ಶ್ಯಾಪ್ಲಿ 1962ರಲ್ಲಿ ರೂಪಿಸಿದ್ದ ವಿಧಾನಕ್ಕೆ ಬೋಸ್ಟನ್ 2005ರಲ್ಲಿ ಬದಲಾಯಿತು. ಇದರಲ್ಲಿ ಸೀಟು ಕೊನೆಯವರೆಗೂ ತಾತ್ಕಾಲಿಕ. ಲಾಟರಿಯಲ್ಲಿ ಮುಂದಿರುವವರು ಬಂದರೆ ಹಿಂದಿರುವವರು ಎದ್ದು ತಮ್ಮ ನಂತರದ ಆಯ್ಕೆಗೆ ಹೋಗುತ್ತಾರೆ.

ಆಗ ಇನ್ನೊಂದು ತೊಡಕು ಎದುರಾಯಿತು: ಮಗುವಿಗೆ ಎಲ್ಲ ಶಾಲೆಗೂ ಒಂದೇ ಲಾಟರಿ ಸಂಖ್ಯೆಯೋ, ಶಾಲೆಗೊಂದು ಬೇರೆಯೋ? ಆಮ್ಸ್ಟರ್‌ಡ್ಯಾಮ್ 2015ರಲ್ಲಿ ಎರಡನೆಯದನ್ನು ಆರಿಸಿತು. ಒಂದು ಪುಟ್ಟ ಉದಾಹರಣೆ ನೋಡಿ. ಕೆಂಪು, ನೀಲಿ ಎಂಬ ಎರಡು ಶಾಲೆ, ತಲಾ ಒಂದು ಸೀಟು. ಅನು, ಮೀನಾ ಇಬ್ಬರಿಗೂ ಕೆಂಪು ಶಾಲೆ ಮೊದಲ ಆಯ್ಕೆ, ರವಿಗೆ ನೀಲಿ. ಕೆಂಪು ಶಾಲೆಯ ಚೀಟಿಯಲ್ಲಿ ರವಿ, ಮೀನಾ, ಅನು ಎಂಬ ಕ್ರಮ ಬಂತು. ನೀಲಿಯಲ್ಲಿ ಅನು, ರವಿ, ಮೀನಾ. ಕೆಂಪಿನಲ್ಲಿ ಸೋತ ಅನು ನೀಲಿಗೆ ಬಂದು ರವಿಯನ್ನು ಎಬ್ಬಿಸುತ್ತಾಳೆ. ರವಿ ಕೆಂಪಿಗೆ ಹೋಗಿ ಮೀನಾಳನ್ನು ಎಬ್ಬಿಸುತ್ತಾನೆ. ಮೀನಾಗೆ ನೀಲಿಯೂ ಸಿಗದು. ಅನು, ರವಿ ಇಬ್ಬರಿಗೂ ಬೇಕಾದ ಸೀಟು ಪರಸ್ಪರರ ಕೈಯಲ್ಲಿದೆ.

ಇಂಥ ಅದಲುಬದಲಿಗೆ ಅವಕಾಶ ಕೇಳಿ ಆಮ್ಸ್ಟರ್‌ಡ್ಯಾಮ್‌ನ ಪೋಷಕರು ನ್ಯಾಯಾಲಯಕ್ಕೆ ಹೋದರು, ಅದು ಒಪ್ಪಲಿಲ್ಲ. ನನ್ನ ದೃಷ್ಟಿಯಲ್ಲಿ ಅದೇ ಸರಿ. ಕೆಂಪು ಶಾಲೆಯಲ್ಲಿ ಅನುಗಿಂತ ಮುಂದಿದ್ದ ಮೀನಾ ಹೊರಗಿರುವಾಗ, ಆ ಸೀಟು ಅನುಗೆ ಹೋದರೆ ಚೀಟಿಗೆ ಅರ್ಥವೇನು? 2016ರಲ್ಲಿ ನಗರ ಒಂದೇ ಸಂಖ್ಯೆಯ ಪದ್ಧತಿಗೆ ಬಂತು. ಅದರಲ್ಲಿ ಮೊದಲ ಆಯ್ಕೆ ಪಡೆಯುವವರು ಹೆಚ್ಚು, ಅದಲುಬದಲಿನ ಆಸೆಯೂ ಹುಟ್ಟದು. ಆದರೆ ಕೆಟ್ಟ ಸಂಖ್ಯೆ ಬಂದ ಮಗು ಬೇಡಿಕೆಯ ಶಾಲೆಗಳಲ್ಲೆಲ್ಲ ಸೋಲುತ್ತದೆ. ಇವೆರಡರಲ್ಲಿ ಒಂದನ್ನು ಆರಿಸಲೇಬೇಕು, ಆರಿಸಿದ್ದನ್ನು ಮೊದಲೇ ಹೇಳಬೇಕು.

ಕಾಯುವ ಪಟ್ಟಿಯಲ್ಲಿ ಅನ್ಯಾಯ ನುಸುಳುವುದು ಇನ್ನೂ ಸುಲಭ. ಪಟ್ಟಿ ಅದೇ ಲಾಟರಿಯ ಕ್ರಮದಲ್ಲೇ ಇರಬೇಕು. ತಡವಾಗಿ ಬಂದ ಅರ್ಜಿ ಕೊನೆಗೆ ಸೇರಬೇಕು. ಎರಡನೆಯ ಆಯ್ಕೆಯ ಸೀಟು ಒಪ್ಪಿಕೊಂಡ ಮಗುವನ್ನು ಮೊದಲ ಆಯ್ಕೆಯ ಪಟ್ಟಿಯಿಂದ ತೆಗೆಯಬಾರದು; ತೆಗೆದರೆ ಪೋಷಕರು ಕೈಗೆ ಬಂದದ್ದನ್ನು ಬಿಟ್ಟು ಜೂಜಾಡಬೇಕಾಗುತ್ತದೆ. ಒಂದು ಸೀಟು ತೆರವಾದರೆ ಮೂರ್ನಾಲ್ಕು ಮಕ್ಕಳು ಸಾಲಾಗಿ ಸರಿಯಬೇಕಾಗಬಹುದು. ಆದ್ದರಿಂದ ಉತ್ತರಿಸಲು ಗಡುವು ಬೇಕು, ತರಗತಿ ಶುರುವಾದ ಕೆಲವೇ ವಾರಗಳಲ್ಲಿ ಪಟ್ಟಿ ಮುಚ್ಚಬೇಕು. ಅರ್ಜಿ ಸಂಖ್ಯೆಯೊಡನೆ ಪಟ್ಟಿಯನ್ನು ಪ್ರಕಟಿಸಿದ್ದರೆ, 12ನೆಯವರನ್ನು ದಾಟಿ 15ನೆಯವರಿಗೆ ಸೀಟು ಹೋದದ್ದನ್ನು ಯಾವ ಪೋಷಕರೂ ಗುರುತಿಸಿ ಕಾರಣ ಕೇಳಬಲ್ಲರು.